ರಜೆ ಮಂಜೂರಾಯಿತು, ವಾಪಸ್ ಬರುವುದು ಎಂದು?

ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಮಹಿಳೆ ಹೆರಿಗೆ ರಜೆಯಲ್ಲಿದ್ದಾರೆ ಎಂದು ಇಟ್ಟುಕೊಳ್ಳೋಣ. ರಜೆ ಶುರುವಾದದ್ದು 2026ರ ಜನವರಿ 5, ಸೋಮವಾರ. ಕಾನೂನು ಕೊಡುವ 26 ವಾರ ಮುಗಿಯುತ್ತ ಬಂದಿದೆ. ಮಗು ಇನ್ನೂ ರಾತ್ರಿ ಮೂರು ಸಲ ಏಳುತ್ತದೆ. ಹಾಗಾಗಿ ಖಾತೆಯಲ್ಲಿ ಉಳಿದಿರುವ ಗಳಿಕೆ ರಜೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಇಎಲ್‌ನಲ್ಲಿ, 20 ದಿನ ಮುಂದುವರಿಸಿಕೊಡಿ ಎಂದು ಆಕೆ ಕೇಳುತ್ತಾರೆ. ಜೂನ್ 24ಕ್ಕೆ ಮ್ಯಾನೇಜರ್‌ರಿಂದ ಒಂದೇ ಸಾಲಿನ ಮೇಲ್ ಬರುತ್ತದೆ: ಜುಲೈ 6ರಿಂದ 20 ದಿನಗಳ ಇಎಲ್‌ಗೆ ಒಪ್ಪಿಗೆ ಇದೆ. ಆಕೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಒಂದು ಕೈಯಲ್ಲಿ ಉತ್ತರ ಒತ್ತುತ್ತಾರೆ: ‘ತುಂಬಾ ಥ್ಯಾಂಕ್ಸ್ ಸರ್, ರಜೆ ಮುಗಿದ ಕೂಡಲೇ ಬರ್ತೀನಿ.’

ಎರಡೂ ಕಡೆಯವರಿಗೆ ಸಮಾಧಾನ. ತಿಂಗಳು ಕಳೆದ ಮೇಲೆ, ಜುಲೈ 27ರ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬರುತ್ತದೆ.

‘ಮೇಡಂ, ಇನ್ನೂ ಬಂದಿಲ್ಲವಲ್ಲ?’

‘ಇವತ್ತಾ ಸರ್? ನಾನು ಬರೋದು ಆಗಸ್ಟ್ 3ಕ್ಕಲ್ವಾ?’

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಯಾರ ಎಣಿಕೆಯೂ ತಪ್ಪಿಲ್ಲ. ರಜೆ ಮಂಜೂರಾದ ಮೇಲೆ ಬರೆಯುವ ಧನ್ಯವಾದದ ಪತ್ರದಲ್ಲಿ ಮರಳುವ ದಿನಾಂಕವನ್ನು ಏಕೆ ಖಚಿತಪಡಿಸಿಕೊಳ್ಳಬೇಕು ಎಂಬುದಕ್ಕೆ ಈ ಒಂದು ವಾರದ ಅಂತರಕ್ಕಿಂತ ಬೇರೆ ಕಾರಣ ಬೇಕಿಲ್ಲ. ಅಂತರ ಹುಟ್ಟಿದ್ದು ಎಲ್ಲಿ ಎಂದು ಮೊದಲು ನೋಡೋಣ, ಪತ್ರ ಹೇಗಿರಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಆಕೆಯ ರಜೆಯಲ್ಲಿ ಎರಡು ತುಂಡುಗಳಿವೆ. ಎರಡನ್ನೂ ಅಳೆಯುವ ರೀತಿ ಬೇರೆ ಬೇರೆ. ಮೊದಲ ತುಂಡು ಹೆರಿಗೆ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ರಜೆ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 26 ವಾರ ಉಳಿದಿದೆ. ಇಲ್ಲಿ ವಾರವೆಂದರೆ ಭಾನುವಾರವೂ ಸೇರಿದ ಏಳು ದಿನ. ತೋಟವೊಂದರ ಕಾರ್ಮಿಕ ಮಹಿಳೆಗೆ ಹೆರಿಗೆ ರಜೆಯ ಭಾನುವಾರಗಳಿಗೂ ಹಣ ಕೊಡಬೇಕೇ ಎಂಬ ತಕರಾರು ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೊರಟು ಸುಪ್ರೀಂ ಕೋರ್ಟ್ ತಲುಪಿತ್ತು. ಕೊಡಬೇಕು, ವಾರವೆಂದರೆ ಏಳೂ ದಿನ ಎಂದು 1977ರಲ್ಲಿ ತೀರ್ಪಾಯಿತು. ಆದ್ದರಿಂದ 26 ವಾರವೆಂದರೆ ಕ್ಯಾಲೆಂಡರಿನ 182 ದಿನ. ನಡುವೆ ಯುಗಾದಿ ಬರಲಿ, ಎರಡನೇ ಶನಿವಾರ ಬರಲಿ, ಎಲ್ಲವೂ ಅದರೊಳಗೇ.

ಈ ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ಗುರುತಿದೆ. ಪೂರ್ತಿ ವಾರಗಳ ರಜೆ ಯಾವ ವಾರದಂದು ಶುರುವಾಗಿರುತ್ತದೋ ಅದೇ ವಾರದಂದು ಕೆಲಸ ಮತ್ತೆ ಶುರುವಾಗುತ್ತದೆ. ಸೋಮವಾರ ಹೋದವರು ಸೋಮವಾರ ಬರಬೇಕು, ಗುರುವಾರ ಹೋದವರು ಗುರುವಾರ. ಜನವರಿ 5ರ ಸೋಮವಾರದಿಂದ 182 ದಿನ ಎಣಿಸಿದರೆ ಕೊನೆಯ ದಿನ ಜುಲೈ 5, ಭಾನುವಾರ. ಮಾರನೆಯ ದಿನ ಸೋಮವಾರ. ಲೆಕ್ಕ ಕೂಡಿತು. ಬೇರೆ ವಾರ ಬಂದಿದ್ದರೆ ಎಲ್ಲೋ ಒಂದು ದಿನ ಎರಡು ಸಲ ಎಣಿಕೆಯಾಗಿದೆ ಅಥವಾ ಬಿಟ್ಟುಹೋಗಿದೆ ಎಂದರ್ಥ. ಸಾಮಾನ್ಯವಾಗಿ ಎಡವುವುದು ಮೊದಲ ದಿನದಲ್ಲೇ. ರಜೆಗೆ ಹೋದ ದಿನವೇ ಒಂದನೇ ದಿನ ಎಂಬುದನ್ನು ಮರೆತು ಮಾರನೆಯ ದಿನದಿಂದ ಎಣಿಸಿಬಿಡುತ್ತಾರೆ.

ಬಾಯಿಮಾತಿನಲ್ಲಿ ನಾವೆಲ್ಲ ಇದನ್ನು ‘ಆರು ತಿಂಗಳ ರಜೆ’ ಎನ್ನುತ್ತೇವೆ. ಆ ಮಾತು ಪತ್ರಕ್ಕೆ ಬಂದರೆ ಗೊಂದಲ ಖಚಿತ. ಜನವರಿ ಒಂದರಿಂದ ಆರು ತಿಂಗಳೆಂದರೆ 181 ದಿನ, ಜುಲೈ ಒಂದರಿಂದ ಎಣಿಸಿದರೆ 184. ಕರ್ನಾಟಕದ ಸರ್ಕಾರಿ ನೌಕರರ ಹೆರಿಗೆ ರಜೆಯೋ 180 ದಿನ. ಮಾತಿನಲ್ಲಿ ಒಂದೇ ಆಗಿರುವ ಆರು ತಿಂಗಳು ಕ್ಯಾಲೆಂಡರಿನಲ್ಲಿ ಎಲ್ಲೆಲ್ಲೋ ಹೋಗಿ ನಿಲ್ಲುತ್ತದೆ.

ಎರಡನೇ ತುಂಡು ಇಎಲ್. ತಂಟೆ ಇರುವುದು ಇದರಲ್ಲಿ. 20 ದಿನ ಎಂದು ಮಂಜೂರಾಗಿದೆ, ಯಾವ 20 ದಿನ? ವಾರಕ್ಕೆ ಐದು ದಿನ ಕೆಲಸವಿರುವ ಕಂಪನಿಯಲ್ಲಿ ಕೆಲಸದ ದಿನಗಳನ್ನಷ್ಟೇ ಎಣಿಸಿದರೆ ಜುಲೈ 6ರಿಂದ ನಾಲ್ಕು ಪೂರ್ತಿ ವಾರ ಆಗುತ್ತದೆ. ಕೊನೆಯ ರಜೆ ಜುಲೈ 31ರ ಶುಕ್ರವಾರ, ಕೆಲಸ ಆಗಸ್ಟ್ 3ರ ಸೋಮವಾರ. ಆಕೆ ಎಣಿಸಿದ್ದು ಹೀಗೆ. ಮ್ಯಾನೇಜರ್ ಕ್ಯಾಲೆಂಡರಿನ ದಿನಗಳನ್ನು ಎಣಿಸಿದರು. ಅವರ 20 ದಿನ ಜುಲೈ 25ರ ಶನಿವಾರಕ್ಕೇ ಮುಗಿಯಿತು, ಅವರಿಗೆ ಆಕೆ 27ಕ್ಕೆ ಬರಬೇಕು. ಶನಿವಾರವೂ ಕೆಲಸ ಮಾಡುವ ಕಂಪನಿಯಾಗಿದ್ದರೆ ಮೂರನೆಯದೊಂದು ಉತ್ತರ ಸಿಗುತ್ತಿತ್ತು: ಜುಲೈ 29ರ ಬುಧವಾರ. ಒಂದೇ ಮೇಲ್, ಒಂದೇ 20 ದಿನ, ಮೂರು ದಿನಾಂಕ.

ರಜೆಯ ನಡುವೆ ಸಿಕ್ಕಿಕೊಂಡ ಶನಿವಾರ, ಭಾನುವಾರಗಳನ್ನೂ ರಜೆಯಾಗಿಯೇ ಎಣಿಸುವ ಪದ್ಧತಿಗೆ ಎಚ್‌ಆರ್ ವಿಭಾಗದವರು ಸ್ಯಾಂಡ್‌ವಿಚ್ ನಿಯಮ ಎನ್ನುತ್ತಾರೆ. ಕೆಲವು ಕಂಪನಿಗಳಲ್ಲಿ ಅದು ಇದೆ, ಕೆಲವುಗಳಲ್ಲಿ ಇಲ್ಲ. ಒಂದೇ ಕಂಪನಿಯಲ್ಲಿ ಒಂದು ಬಗೆಯ ರಜೆಗೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕರ ಸಂಬಳಸಹಿತ ರಜೆಯನ್ನು ಎಣಿಸುವಾಗ ನಡುವೆ ಮತ್ತು ತುದಿಯಲ್ಲಿ ಬರುವ ರಜಾ ದಿನಗಳನ್ನು ಬಿಡಬೇಕು ಎಂದಿತು. ಸರ್ಕಾರಿ ಕಚೇರಿಯಲ್ಲಿ ಇದಕ್ಕೆ ಉಲ್ಟಾ: ಗಳಿಕೆ ರಜೆಯ ನಡುವೆ ಬಿದ್ದ ಭಾನುವಾರವೂ ಖಾತೆಯಿಂದ ಕಳೆಯುತ್ತದೆ, ರಜೆಯ ಹಿಂದೆ ಮುಂದೆ ಅಂಟಿಕೊಂಡ ಭಾನುವಾರಗಳನ್ನು ಮಾತ್ರ ಅನುಮತಿ ಕೇಳಿ ಬಳಸಿಕೊಳ್ಳಬಹುದು. ಗಂಡ ಸರ್ಕಾರಿ ಶಾಲೆಯಲ್ಲಿ, ಹೆಂಡತಿ ಖಾಸಗಿ ಕಂಪನಿಯಲ್ಲಿ ಇರುವ ಮನೆಗಳಲ್ಲಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ರಜೆಗೆ ಹಾಕಿ ತಪ್ಪುವುದು ಹೀಗೆಯೇ.

ನಮ್ಮ ಉದಾಹರಣೆಯ ಮಹಿಳೆಯ ಮೇಲೆ ಈ ಐದು ದಿನಗಳ ಪರಿಣಾಮ ಏನು? ಜುಲೈ 27ರಿಂದ 31ರವರೆಗೆ ಹಾಜರಿಯಲ್ಲಿ ಗೈರು ಬೀಳುತ್ತದೆ, ಆ ದಿನಗಳ ಸಂಬಳ ಕಡಿತವಾಗುತ್ತದೆ. ಬಹಳಷ್ಟು ಕಂಪನಿಗಳಲ್ಲಿ ಹಾಜರಿಯ ಲೆಕ್ಕ ತಿಂಗಳು ಮುಗಿಯುವ ಮೊದಲೇ ಮುಚ್ಚುವುದರಿಂದ, ಕಡಿತ ಆಗಿದ್ದು ಗೊತ್ತಾಗಿ ಅದನ್ನು ಸರಿಪಡಿಸಿ ಹಣ ಕೈಗೆ ಬರಲು ಇನ್ನೊಂದು ತಿಂಗಳು ಬೇಕು. ಆಕೆಯ ಜಾಗದಲ್ಲಿ ತಾತ್ಕಾಲಿಕವಾಗಿ ಕೆಲಸ ನೋಡಿಕೊಳ್ಳುತ್ತಿದ್ದವರ ಗುತ್ತಿಗೆ 24ಕ್ಕೇ ಮುಗಿದಿರುತ್ತದೆ. ತಿಂಗಳ ಕೊನೆಯ ವಾರವೆಂದರೆ ಲೆಕ್ಕಪತ್ರ ವಿಭಾಗಕ್ಕೆ ಉಸಿರಾಡಲೂ ಬಿಡುವಿಲ್ಲದ ವಾರ, ಆ ವಾರವೇ ಕುರ್ಚಿ ಖಾಲಿ. ಆ ಭಾರವನ್ನು ಹೊರುವವರು ಆರು ತಿಂಗಳಿಂದ ಆಕೆಯ ಕೆಲಸವನ್ನೂ ಹಂಚಿಕೊಂಡ ಸಹೋದ್ಯೋಗಿಗಳು. ನನ್ನ ಮಟ್ಟಿಗೆ, ಸಂಬಳದ ಕಡಿತಕ್ಕಿಂತ ಇದೇ ಹೆಚ್ಚು ನೋಯಿಸುವ ಸಂಗತಿ. ತಾಯಿಯಾದ ಸಹೋದ್ಯೋಗಿಯ ಬಗ್ಗೆ ಕಚೇರಿಯಲ್ಲಿ ಗೊಣಗಾಟ ಶುರುವಾಗುವುದು ಇಂಥ ವಾರಗಳಲ್ಲೇ, ತಪ್ಪು ಯಾರದೂ ಅಲ್ಲದಿದ್ದಾಗಲೂ.

ಇಷ್ಟನ್ನೂ ತಪ್ಪಿಸಲು ಜೂನ್ 24ರ ಆ ಉತ್ತರ ಹೀಗಿದ್ದರೆ ಸಾಕಿತ್ತು:

ವಿಷಯ: ರಜೆ ಮುಂದುವರಿಕೆಗೆ ಧನ್ಯವಾದ – ಆಗಸ್ಟ್ 3, ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ

ಸರ್, ನಮಸ್ಕಾರ.

ಹೆರಿಗೆ ರಜೆಯ ಬೆನ್ನಿಗೇ 20 ದಿನಗಳ ಇಎಲ್ ಕೊಡಲು ಇಂದಿನ ಮೇಲ್‌ನಲ್ಲಿ ಒಪ್ಪಿದ್ದೀರಿ. ಧನ್ಯವಾದಗಳು. ಜುಲೈ ತಿಂಗಳ ಲೆಕ್ಕವನ್ನೂ ನನ್ನ ಬದಲು ನೋಡಿಕೊಳ್ಳಲು ಮುಂದೆ ಬಂದ ನಮ್ಮ ತಂಡದವರಿಗೂ ನನ್ನ ಧನ್ಯವಾದ ತಿಳಿಸಿ.

ಶನಿವಾರ, ಭಾನುವಾರ ಬಿಟ್ಟು ಎಣಿಸಿದರೆ ಈ 20 ದಿನ ಜುಲೈ 6, ಸೋಮವಾರ ಶುರುವಾಗಿ ಜುಲೈ 31, ಶುಕ್ರವಾರಕ್ಕೆ ಮುಗಿಯುತ್ತದೆ. 31 ನನ್ನ ರಜೆಯ ಕೊನೆಯ ದಿನ. ಆಗಸ್ಟ್ 3, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ. ನಿಮ್ಮ ಲೆಕ್ಕದಲ್ಲಿ ದಿನಾಂಕ ಬೇರೆ ಇದ್ದರೆ ದಯವಿಟ್ಟು ಜುಲೈ 3ರೊಳಗೆ ತಿಳಿಸಿ.

ಬರುವ ದಿನ ವೈದ್ಯರ ಪ್ರಮಾಣಪತ್ರ ಅಥವಾ ಬೇರೆ ಯಾವುದಾದರೂ ಕಾಗದ ತರಬೇಕಿದ್ದರೆ ಹೇಳಿ. ಕಚೇರಿಯ ಮೇಲ್ ತೆರೆಯದಿದ್ದರೆ ಇರಲಿ ಎಂದು ನನ್ನ ಸ್ವಂತ ಇಮೇಲ್ ವಿಳಾಸವನ್ನೂ ಇದಕ್ಕೆ ಸೇರಿಸಿದ್ದೇನೆ.

ಓದಲು ಒಂದು ನಿಮಿಷವೂ ಬೇಡ. ಇದರ ಜೀವ ಇರುವುದು ನಡುವಿನ ಪ್ಯಾರಾದಲ್ಲಿ. ರಜೆಯ ಕೊನೆಯ ದಿನ ಮತ್ತು ಕೆಲಸದ ಮೊದಲ ದಿನ ಎರಡನ್ನೂ ಆಕೆ ಬೇರೆ ಬೇರೆಯಾಗಿ ಹೇಳಿದ್ದಾರೆ. ‘31ರವರೆಗೆ ರಜೆ’ ಎಂದಷ್ಟೇ ಬರೆದರೆ 31ರಂದು ಬರುತ್ತಾರೋ ಇಲ್ಲವೋ ಎಂದು ಓದುವವರು ಊಹಿಸಬೇಕಾಗುತ್ತದೆ. ‘3ರಿಂದ ಬರುತ್ತೇನೆ’ ಎಂದಷ್ಟೇ ಬರೆದರೆ, ಹಾಜರಿ ತುಂಬುವವರಿಗೆ ರಜೆಯನ್ನು ಯಾವ ದಿನಕ್ಕೆ ಮುಚ್ಚಬೇಕೆಂದು ತಿಳಿಯುವುದಿಲ್ಲ. ದಿನಾಂಕದ ಜೊತೆ ವಾರವನ್ನೂ ಬರೆದಿರುವುದು ಒಳಗೇ ಇಟ್ಟ ಒರೆಗಲ್ಲು. ಬೆರಳು ಜಾರಿ 3 ಹೋಗಿ 2 ಆಗಿದ್ದರೆ ಆಗಸ್ಟ್ 2 ಭಾನುವಾರ ಎಂದು ಓದಿದವರಿಗೆ ಕೂಡಲೇ ಹೊಳೆಯುತ್ತದೆ. ತಿಂಗಳನ್ನು ಹೆಸರಿನಿಂದಲೇ ಬರೆಯುವುದೂ ಲೇಸು. 3-8 ಎಂದು ಬರೆದರೆ ವಿದೇಶಿ ಕಂಪನಿಗಳ ತಂತ್ರಾಂಶದಲ್ಲಿ, ಅಲ್ಲಿನ ಎಚ್‌ಆರ್ ಕಣ್ಣಿಗೆ ಅದು ಮಾರ್ಚ್ 8 ಆಗಬಹುದು.

ಎಣಿಸಿದ ರೀತಿಯನ್ನು ಆಕೆ ಬಿಡಿಸಿ ಹೇಳಿರುವುದು ಇನ್ನೂ ಮುಖ್ಯ. ‘ಶನಿವಾರ, ಭಾನುವಾರ ಬಿಟ್ಟು’ ಎಂಬ ಮೂರು ಪದಗಳೇ ಮ್ಯಾನೇಜರ್‌ರನ್ನು ತಡೆದು ನಿಲ್ಲಿಸುವುದು. ಕಂಪನಿಯಲ್ಲಿ ಸ್ಯಾಂಡ್‌ವಿಚ್ ನಿಯಮ ಇದ್ದರೆ ‘ಮೇಡಂ, ನಮ್ಮಲ್ಲಿ ಹಾಗಿಲ್ಲ, 27ಕ್ಕೆ ಬರಬೇಕಾಗುತ್ತದೆ’ ಎಂದು ಅವರು ಅಂದೇ ಹೇಳುತ್ತಾರೆ. ಆಗ ಆಕೆಗೆ ಮಗುವನ್ನು ನೋಡಿಕೊಳ್ಳುವವರನ್ನು ಒಂದು ವಾರ ಮೊದಲೇ ಗೊತ್ತುಮಾಡಲು, ಊರಿನಿಂದ ಅಮ್ಮನನ್ನು ಕರೆಸಿಕೊಳ್ಳಲು, ಇಲ್ಲವೇ ಇನ್ನೈದು ದಿನ ರಜೆ ಕೇಳಲು ತಿಂಗಳ ಸಮಯ ಸಿಗುತ್ತದೆ. ಉತ್ತರಕ್ಕೆ ಜುಲೈ 3 ಎಂದು ಗಡುವು ಇಟ್ಟಿದ್ದರ ಕಾರಣವೂ ಇದೇ. ಅಂದು ಶುಕ್ರವಾರ, ಹೆರಿಗೆ ರಜೆ ಮುಗಿಯುವ ಮೊದಲಿನ ಕೊನೆಯ ಕೆಲಸದ ದಿನ. ಮುಂದುವರಿಕೆಯ ರಜೆಯ ಬಗ್ಗೆ ಏನೇ ಅನುಮಾನ ಇದ್ದರೂ ಹಿಂದಿನ ರಜೆ ಜೀವಂತವಾಗಿರುವಾಗಲೇ ಬಗೆಹರಿದಿರಬೇಕು.

ಇದೇನೂ ಹೊಸ ಶಿಸ್ತಲ್ಲ. 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳಲ್ಲಿ ರಜೆ ಮುಂದುವರಿಕೆಗೆಂದೇ ಒಂದು ಭಾಗವಿತ್ತು. ರಜೆಯ ಮೇಲೆ ಹೋದ ಕಾರ್ಮಿಕ ಇನ್ನಷ್ಟು ದಿನ ಬೇಕೆಂದರೆ ಅರ್ಜಿ ಕೊಡಬೇಕು, ಒಪ್ಪಿಗೆಯೋ ನಿರಾಕರಣೆಯೋ ಮಾಲೀಕರು ಲಿಖಿತವಾಗಿ ಉತ್ತರಿಸಬೇಕು. ಆ ಉತ್ತರವನ್ನು ಕಳಿಸಬೇಕಾದದ್ದು ಕಾರ್ಮಿಕನ ವಿಳಾಸ ಗೊತ್ತಿದ್ದು, ಮೊದಲಿನ ರಜೆ ಮುಗಿಯುವ ಮುನ್ನ ಕಾಗದ ಅವನ ಕೈ ಸೇರುವಂತಿದ್ದರೆ. ಅಂಚೆಯ ಕಾಲದ ನಿಯಮ ಎನ್ನುವುದು ಓದಿದರೇ ತಿಳಿಯುತ್ತದೆ. ಗಿರಣಿಯಿಂದ ಊರಿಗೆ ಹೋದವನಿಗೆ ಉತ್ತರ ತಲುಪುವುದೇ ಅನುಮಾನವಾಗಿದ್ದ ಕಾಲ. ಅದೇ ನಿಯಮದ ಮುಂದಿನ ಮಾತು ಕಠಿಣವಾದದ್ದು: ಮೊದಲು ಕೊಟ್ಟ ಅಥವಾ ಆಮೇಲೆ ಮುಂದುವರಿಸಿದ ರಜೆ ಮುಗಿದು ಎಂಟು ದಿನಗಳೊಳಗೆ ಹಿಂತಿರುಗಿ, ತಡವಾದದ್ದಕ್ಕೆ ಒಪ್ಪುವಂಥ ಕಾರಣ ಕೊಡದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ.

ಈ ಎಂಟು ದಿನಗಳ ಕತ್ತಿಯ ಅಲಗನ್ನು ನ್ಯಾಯಾಲಯ ಮೊಂಡು ಮಾಡಿದೆ. ಎಂಟು ದಿನಕ್ಕಿಂತ ಹೆಚ್ಚು ಗೈರಾದರು ಎಂದು ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯಲಾಗಿದ್ದ ಡಿ. ಕೆ. ಯಾದವ್ ಎಂಬ ಕಾರ್ಮಿಕರ ಪ್ರಕರಣದಲ್ಲಿ, ಅವರ ಮಾತು ಕೇಳದೆ ಹಾಗೆ ಮಾಡುವಂತಿಲ್ಲ ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಾನು ಗೈರಾಗಿರಲಿಲ್ಲ, ಗೇಟಿನಲ್ಲೇ ತಡೆದರು ಎಂಬುದು ಅವರ ವಾದವಾಗಿತ್ತು. ಹೆರಿಗೆ ರಜೆಯಲ್ಲಿರುವವರಿಗೆ ಇದರ ಮೇಲೆ ಇನ್ನೊಂದು ರಕ್ಷೆಯೂ ಇದೆ. ಕಾನೂನು ಕೊಟ್ಟ ರಜೆಯ ಅವಧಿಯಲ್ಲಿ ಆ ಗೈರನ್ನೇ ಕಾರಣ ಮಾಡಿ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಈ ರಕ್ಷೆ ಇರುವುದು ಆ 26 ವಾರಗಳಿಗೆ. ಅದರ ಬೆನ್ನಿಗೆ ಅಂಟಿಸಿಕೊಂಡ 20 ದಿನಗಳ ಇಎಲ್ ಕಂಪನಿಯ ಸಾಮಾನ್ಯ ನಿಯಮಕ್ಕೆ ಸೇರಿದ್ದು. ಆಕೆಯ ಮನಸ್ಸಿನಲ್ಲಿ ಇಡೀ ಅವಧಿ ‘ಮಗುವಿನ ರಜೆ’ ಆಗಿರುತ್ತದೆ, ದಾಖಲೆಯಲ್ಲಿ ಜುಲೈ 5ರ ನಂತರದ್ದು ಬೇರೆ ರಜೆ. ಪತ್ರದಲ್ಲಿ ಎರಡನ್ನೂ ಬೇರೆಯಾಗಿ ಹೆಸರಿಸುವುದು ಅದಕ್ಕೇ. ಹೆರಿಗೆಯಿಂದಲೋ ಅವಧಿಗೆ ಮೊದಲೇ ಮಗು ಹುಟ್ಟಿದ್ದರಿಂದಲೋ ಬಂದ ಕಾಯಿಲೆಗೆ ಕಾಯ್ದೆಯೇ ಇನ್ನೊಂದು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡುತ್ತದೆ. ಮುಂದುವರಿಕೆ ಅದರಡಿ ಸಿಕ್ಕಿದ್ದರೆ ಇಎಲ್ ಎಂದು ಬರೆಯಬಾರದು, ಬರೆದರೆ ಖಾತೆಯ ರಜೆ ಸುಮ್ಮನೆ ಕರಗುತ್ತದೆ.

ಇನ್ನು ಧನ್ಯವಾದದ ಮಾತು. ಇದರಲ್ಲಿ ನಮ್ಮವರು ಎರಡು ಕಡೆಗೂ ವಾಲುತ್ತಾರೆ. ಕೆಲವರು ‘ನಿಮ್ಮ ಈ ಉಪಕಾರ ಜನ್ಮದಲ್ಲಿ ಮರೆಯೆ’ ಎಂಬಷ್ಟು ಬಗ್ಗುತ್ತಾರೆ. ಕೆಲವರು, ನನ್ನ ಹಕ್ಕಿನ ರಜೆಗೆ ಥ್ಯಾಂಕ್ಸ್ ಯಾಕೆ ಎಂದು ಏನನ್ನೂ ಬರೆಯುವುದಿಲ್ಲ. 26 ವಾರ ಖಂಡಿತ ಹಕ್ಕು, ಅದನ್ನು ಮ್ಯಾನೇಜರ್ ತಮ್ಮ ಜೇಬಿನಿಂದ ಕೊಟ್ಟದ್ದಲ್ಲ. ಅದಕ್ಕೆ ಕೈಮುಗಿದು ಬರೆದ ಪತ್ರ ಮುಂದೆ ಅದೇ ರಜೆ ಕೇಳುವ ಕಿರಿಯ ಸಹೋದ್ಯೋಗಿಯ ದಾರಿಯನ್ನು ಕಷ್ಟ ಮಾಡುತ್ತದೆ ಎಂದು ನಾನು ನಂಬುತ್ತೇನೆ. ರಜೆ ಕೊಡುವುದು ಉಪಕಾರ ಎಂಬ ಭಾವನೆ ಕಚೇರಿಯಲ್ಲಿ ಬೇರುಬಿಡುವುದು ಇಂಥ ಮಾತುಗಳಿಂದಲೇ. ಆದರೆ ಇಎಲ್‌ನ 20 ದಿನ ಹಾಗಲ್ಲ. ರಜೆ ಖಾತೆಯಲ್ಲಿ ಇದ್ದರೂ ಅದನ್ನು ಯಾವಾಗ ಕೊಡಬೇಕೆಂಬುದನ್ನು ಕೆಲಸದ ಒತ್ತಡ ನೋಡಿ ಮ್ಯಾನೇಜರ್ ತೀರ್ಮಾನಿಸುತ್ತಾರೆ, ಇಲ್ಲ ಎನ್ನಲೂ ಅವರಿಗೆ ಅವಕಾಶವಿತ್ತು. ಜುಲೈ ಲೆಕ್ಕದ ಹೊರೆ ಹೊತ್ತ ತಂಡದವರಂತೂ ಯಾವ ನಿಯಮಕ್ಕೂ ಕಟ್ಟುಬಿದ್ದು ಅದನ್ನು ಮಾಡಿದವರಲ್ಲ. ಧನ್ಯವಾದ ಸಲ್ಲಬೇಕಾದದ್ದು ಈ ಇಬ್ಬರಿಗೆ, ಇಂಥದ್ದಕ್ಕೆ ಎಂದು ಹೆಸರಿಸಿ. ಮೇಲಿನ ಪತ್ರದಲ್ಲಿ ಅದು ಮೂರೇ ವಾಕ್ಯದಲ್ಲಿ ಮುಗಿದಿದೆ, ಕೃತಕವೂ ಆಗಿಲ್ಲ.

ಪತ್ರದಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಮಗುವಿನ ತೂಕ, ಆಕೆಯ ಹೊಲಿಗೆ, ವೈದ್ಯರು ಹೇಳಿದ್ದು ಯಾವುದೂ ಇಲ್ಲ. ಆ ಮಾತುಗಳೆಲ್ಲ ರಜೆ ಕೇಳುವಾಗಲೇ ಆಗಿಹೋದವು. ಈ ಮೇಲ್ ಮ್ಯಾನೇಜರ್‌ರಿಂದ ಎಚ್‌ಆರ್‌ಗೆ, ಸಂಬಳ ವಿಭಾಗಕ್ಕೆ, ಗುತ್ತಿಗೆ ನೌಕರರನ್ನು ಕಳಿಸುವ ಏಜೆನ್ಸಿಗೆ ಮುಂದೆ ಮುಂದೆ ಹೋಗುತ್ತದೆ. ‘ಏನೇ ಇದ್ದರೂ ಯಾವಾಗ ಬೇಕಾದರೂ ಫೋನ್ ಮಾಡಿ’ ಎಂಬ ಮಾತೂ ಇಲ್ಲ. ಕೃತಜ್ಞತೆಯ ಹುಮ್ಮಸ್ಸಿನಲ್ಲಿ ಬರೆದುಬಿಡುವ ಈ ಸಾಲು ಆಮೇಲೆ ಮಗುವನ್ನು ತಟ್ಟಿ ಮಲಗಿಸುವ ಹೊತ್ತಿಗೆ ಸರಿಯಾಗಿ ರಿಂಗಾಗುತ್ತದೆ. ‘ಬಹುಶಃ’, ‘ಆದಷ್ಟು ಬೇಗ’, ‘ಎಲ್ಲ ಸರಿಹೋದರೆ’ ಕೂಡ ಇಲ್ಲ. ಮರಳುವುದರ ಬಗ್ಗೆ ನಿಜಕ್ಕೂ ಅನುಮಾನವಿದ್ದರೂ ಈ ಪತ್ರದಲ್ಲಿ ಮಂಜೂರಾದ ದಿನಾಂಕವನ್ನೇ ಗಟ್ಟಿಯಾಗಿ ಬರೆಯಬೇಕು. ಬದಲಾವಣೆ ಬೇಕಾದರೆ ಅದು ಹೊಸ ಅರ್ಜಿ, ಹೊಸ ಮೇಲ್. ಎರಡನ್ನೂ ಒಂದರಲ್ಲಿ ಬೆರೆಸಿದರೆ ಧನ್ಯವಾದದ ಪತ್ರ ಇನ್ನೊಂದು ಬೇಡಿಕೆಯಂತೆ ಓದಿಸಿಕೊಳ್ಳುತ್ತದೆ, ದಿನಾಂಕವೂ ತೂಗಾಡುತ್ತದೆ.

ಕಳಿಸುವ ದಾರಿಯೂ ಮುಖ್ಯವೇ. ಒಪ್ಪಿಗೆಯ ಮೇಲ್‌ಗೇ ಉತ್ತರವಾಗಿ ಬರೆದರೆ ಅರ್ಜಿ, ಒಪ್ಪಿಗೆ, ದಿನಾಂಕ ಮೂರೂ ಒಂದೇ ಎಳೆಯಲ್ಲಿ ಉಳಿಯುತ್ತವೆ. ನಡುವೆ ಮ್ಯಾನೇಜರ್ ಬದಲಾದರೂ ಹೊಸಬರಿಗೆ ಎಲ್ಲ ಒಂದೇ ಕಡೆ ಸಿಗುತ್ತದೆ. ಎಚ್‌ಆರ್‌ಗೆ ಪ್ರತಿ ಹೋಗಬೇಕು, ಏಕೆಂದರೆ ತಂತ್ರಾಂಶದಲ್ಲಿ ರಜೆ ತುಂಬುವವರು ಸಾಮಾನ್ಯವಾಗಿ ಮ್ಯಾನೇಜರ್ ಅಲ್ಲ, ಅವರು. ಒಪ್ಪಿಗೆ ಫೋನಿನಲ್ಲೋ ವಾಟ್ಸ್‌ಆ್ಯಪ್ ಧ್ವನಿಸಂದೇಶದಲ್ಲೋ ಬಂದಿದ್ದರಂತೂ ಈ ಮೇಲ್ ಒಂದೇ ಆ ಒಪ್ಪಿಗೆಗೆ ಇರುವ ಲಿಖಿತ ಸಾಕ್ಷಿ. ಆಗ ಮೊದಲ ವಾಕ್ಯದಲ್ಲಿ ‘ಇಂದು ಬೆಳಿಗ್ಗೆ ಫೋನಿನಲ್ಲಿ ನೀವು ಹೇಳಿದಂತೆ’ ಎಂದು ಸೇರಿಸಬೇಕು. ಸ್ವಂತ ಇಮೇಲ್ ಸೇರಿಸಿಕೊಳ್ಳುವುದು ತೀರಾ ಸಣ್ಣ ವಿಷಯದಂತೆ ಕಾಣುತ್ತದೆ. ದೀರ್ಘ ರಜೆಯಲ್ಲಿರುವವರ ಕಚೇರಿ ಖಾತೆಯ ಪಾಸ್‌ವರ್ಡ್ ಅವಧಿ ಮೀರಿ ಮುಚ್ಚಿಹೋಗುವುದು ಸಾಮಾನ್ಯ. ದಿನಾಂಕದ ಬಗ್ಗೆ ತಕರಾರು ಬಂದ ದಿನ, ಸಾಕ್ಷಿಯೆಲ್ಲ ಬೀಗ ಹಾಕಿದ ಡಬ್ಬಿಯೊಳಗೆ ಉಳಿದುಬಿಡುತ್ತದೆ.

ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಇರುವವರಿಗೆ ಈ ಪತ್ರದ ಕೆಲಸ ಸ್ವಲ್ಪ ಹಗುರ. ರಜೆ ಮಂಜೂರಾತಿ ಆದೇಶದಲ್ಲೇ ಇಂತಹ ದಿನದಿಂದ ಇಂತಹ ದಿನದವರೆಗೆ, ಒಟ್ಟು ಇಷ್ಟು ದಿನ, ಹಿಂದೆ ಮುಂದೆ ಇಂತಹ ಸಾರ್ವತ್ರಿಕ ರಜೆ ಬಳಸಲು ಅನುಮತಿ ಇದೆ ಎಂದೆಲ್ಲ ಇರುತ್ತದೆ. ಮರಳಿದ ದಿನ ಕರ್ತವ್ಯಕ್ಕೆ ಹಾಜರಾದ ವರದಿ ಬರೆದುಕೊಡುವುದು ಕಡ್ಡಾಯ, ಕಾಯಿಲೆಯ ರಜೆಯಾಗಿದ್ದರೆ ಅದರ ಜೊತೆ ದೈಹಿಕ ಅರ್ಹತಾ ಪ್ರಮಾಣಪತ್ರವೂ ಬೇಕು. ಆದರೂ ಆದೇಶ ಕೈ ಸೇರಿದ ದಿನವೇ ಮುಖ್ಯ ಶಿಕ್ಷಕರಿಗೆ ‘ಮೇಡಂ, ಆದೇಶ ಬಂತು, ಧನ್ಯವಾದ. 14ರ ಮಂಗಳವಾರ ಹಾಜರಾಗುತ್ತೇನೆ’ ಎಂದು ತಿಳಿಸಿದರೆ ಅತಿಥಿ ಶಿಕ್ಷಕರನ್ನು ಎಂದಿನವರೆಗೆ ಇಟ್ಟುಕೊಳ್ಳಬೇಕು, ಯಾವ ಪಾಠ ಅವರು ಮುಗಿಸಬೇಕು ಎಂದು ಅವರು ಯೋಜಿಸಿಕೊಳ್ಳಬಹುದು. ಆದೇಶ ಮೇಲಿನ ಕಚೇರಿಯ ಕಡತದಲ್ಲಿರುತ್ತದೆ. ವೇಳಾಪಟ್ಟಿ ಬರೆಯುವವರು ಶಾಲೆಯಲ್ಲಿರುತ್ತಾರೆ.

ನಮ್ಮ ಉದಾಹರಣೆಗೆ ಮರಳಿದರೆ, ಜುಲೈ 3 ಬಂದರೂ ಮ್ಯಾನೇಜರ್ ಉತ್ತರಿಸಲಿಲ್ಲ ಎಂದುಕೊಳ್ಳಿ. ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಅಪಾಯ. ಹೆಚ್ಚಿನ ಕಂಪನಿಗಳ ರಜೆಯ ಪೋರ್ಟಲ್‌ನಲ್ಲಿ ಆರಂಭ ಮತ್ತು ಅಂತ್ಯದ ದಿನಾಂಕ ಕಾಣುತ್ತದೆ. ಲಾಗಿನ್ ಆಗಲು ಆದರೆ ಅಲ್ಲಿ ‘ಜುಲೈ 31’ ಎಂದಿದೆಯೇ ನೋಡಿ, ತೆರೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆಗದಿದ್ದರೆ ಎಚ್‌ಆರ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಬೇಕು: ತಂತ್ರಾಂಶದಲ್ಲಿ ನನ್ನ ರಜೆಯ ಕೊನೆಯ ದಿನ ಯಾವುದು? ಅವರು ಹೇಳಿದ ದಿನಾಂಕವನ್ನು ಅದೇ ಮೇಲ್‌ನ ಎಳೆಯಲ್ಲಿ ಒಂದು ಸಾಲಾಗಿ ಬರೆದು ಕಳಿಸಿದರೆ ಸಾಕು. ‘ಎಷ್ಟು ದಿನ ಮಂಜೂರಾಗಿದೆ’ ಎಂದು ಕೇಳಿದರೆ ಮತ್ತೆ ‘20’ ಎಂಬ ಉತ್ತರವೇ ಬರುತ್ತದೆ.

ಅಲ್ಲಿಂದ ಮುಂದೆ ಉಳಿಯುವುದು ಹೊರಡುವ ಹಿಂದಿನ ವಾರದ ಸಣ್ಣ ಸಂದೇಶ. ಜುಲೈ 27ರಂದು ಆಕೆ ಮತ್ತೆ ಎರಡು ಸಾಲು ಬರೆಯಬೇಕು: ಮುಂದಿನ ಸೋಮವಾರ, ಆಗಸ್ಟ್ 3ಕ್ಕೆ ಬರುತ್ತಿದ್ದೇನೆ. ನನ್ನ ಪ್ರವೇಶ ಕಾರ್ಡ್ ಮತ್ತು ಲಾಗಿನ್ ಅಷ್ಟರಲ್ಲಿ ಚಾಲೂ ಮಾಡಿಸುತ್ತೀರಾ? ಮಗುವಿಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಮಗುವಿಗೆ 15 ತಿಂಗಳಾಗುವವರೆಗೆ ಕಾಯ್ದೆಯಲ್ಲೇ ಇದೆ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ತಾಯಿಗೆ ಅವಕಾಶ ಕೊಡಬೇಕು ಎಂಬುದೂ 2017ರ ತಿದ್ದುಪಡಿಯಲ್ಲಿ ಬಂತು. ಅದರ ಏರ್ಪಾಡಿನ ಬಗ್ಗೆ ಕೇಳಲು ಸರಿಯಾದ ಜಾಗ ಈ ಎರಡನೇ ಸಂದೇಶ. ಕಾರ್ಡ್ ಚಾಲೂ ಆಗಲು ಭದ್ರತಾ ವಿಭಾಗಕ್ಕೆ ಸಾಮಾನ್ಯವಾಗಿ ಒಂದೆರಡು ಕೆಲಸದ ದಿನ ಬೇಕು. ಸೋಮವಾರವೇ ಬರೆದರೆ ಶುಕ್ರವಾರದೊಳಗೆ ಅದು ಆಗಿರುತ್ತದೆ.